ಠರಾವಿನಲ್ಲಿ ಬಂದ ಒಂದು ‘ಎಸ್’

ಪ್ರಶ್ನೆ, ಶಿರಸಿಯಿಂದ (ಸಹಕಾರಿ ಸಂಘವೊಂದರ ಗುಮಾಸ್ತೆ):
ನಮ್ಮ ಸಂಘದ ಠರಾವು ಬ್ಯಾಂಕಿಗೆ ಇಂಗ್ಲಿಷಿನಲ್ಲಿ ಹೋಗಬೇಕು. ನಾನು ಬರೆದದ್ದು: ‘ದಿ ಕಮಿಟಿ ರೆಕಮೆಂಡ್ಸ್ ದ್ಯಾಟ್ ದಿ ಸೆಕ್ರೆಟರಿ ಸಬ್ಮಿಟ್ ದಿ ಸ್ಟಾಕ್ ಸ್ಟೇಟ್‌ಮೆಂಟ್’. ಮೇಲಿನವರು ಕೆಂಪು ಮಸಿಯಲ್ಲಿ ‘ಸಬ್ಮಿಟ್ಸ್’ ಮಾಡಿ ಕೊಟ್ಟಿದ್ದಾರೆ. ಸೆಕ್ರೆಟರಿ ಒಬ್ಬರೇ, ಎಸ್ ಬರಲೇಬೇಕು ಅಂತಾರೆ. ಯಾರದ್ದು ಸರಿ?

ಕುಮಟಾ (ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಪಾಠ ಹೇಳುವವರು):
ನಿಮ್ಮದೇ ಸರಿ. ಅಲ್ಲೊಂದು ‘ಶುಡ್’ ಅಡಗಿ ಕೂತಿದೆ. ‘ಶುಡ್ ಸಬ್ಮಿಟ್’ ಅಂದಾಗ ಎಸ್ ಬರುವುದಿಲ್ಲವಲ್ಲ, ಶುಡ್ ಬಿಟ್ಟರೂ ಅಷ್ಟೇ. ಸಜೆಸ್ಟ್, ರೆಕಮೆಂಡ್, ಇನ್ಸಿಸ್ಟ್, ಡಿಮಾಂಡ್ ಕಂಡ ಕೂಡಲೇ ಕಣ್ಣು ಮುಚ್ಚಿ ಎಸ್ ತೆಗೆಯಿರಿ. ನನ್ನ ವಿದ್ಯಾರ್ಥಿಗಳಿಗೆ ಇಷ್ಟೇ ಹೇಳುವುದು.

ಕಾರವಾರ (ನಿವೃತ್ತ ಇಂಗ್ಲಿಷ್ ಉಪನ್ಯಾಸಕರು):
ತಂಗಿ, ಕೆಂಪು ಮಸಿ ಅಳಿಸಿಬಿಡಿ, ‘ಸಬ್ಮಿಟ್’ ಸರಿ. ಆದರೆ ಕುಮಟೆಯ ಮಾಸ್ತರ್ರೆ, ಕಣ್ಣು ಮುಚ್ಚುವುದು ಮಾತ್ರ ಬೇಡ. ‘ದಿ ರಿಜಿಸ್ಟರ್ ಸಜೆಸ್ಟ್ಸ್ ದ್ಯಾಟ್ ಹಿ ಗೋಸ್ ಹೋಮ್ ಅರ್ಲಿ’ ಎಂಬಲ್ಲಿ ನಿಮ್ಮ ಸೂತ್ರ ಹಚ್ಚಿ ಎಸ್ ಕಿತ್ತರೆ ವಾಕ್ಯ ಕೆಡುತ್ತದೆ. ಅಲ್ಲಿ ಸಜೆಸ್ಟ್ ಅಂದರೆ ಸಲಹೆಯಲ್ಲ. ರಿಜಿಸ್ಟರ್ ನೋಡಿದರೆ ಹಾಗೆ ಕಾಣುತ್ತದೆ ಎಂದಷ್ಟೇ.

ಕ್ರಿಯಾಪದಗಳ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ನಮ್ಮ ಭಾಷೆಯನ್ನೇ ಕೇಳಿ. ‘ದ್ಯಾಟ್’ ಆದ ಮೇಲಿನ ಭಾಗವನ್ನು ಕನ್ನಡಕ್ಕೆ ತಿರುಗಿಸಿ. ‘ಸಲ್ಲಿಸಲಿ’, ‘ಸಲ್ಲಿಸಬೇಕು’ ಎಂದು ಬಂದರೆ ಇಂಗ್ಲಿಷಿನಲ್ಲಿ ಬರಿ ಧಾತು, ಎಸ್ ಇಲ್ಲ. ‘ಸಲ್ಲಿಸುತ್ತಾರೆ’, ‘ಸಲ್ಲಿಸಿದ್ದಾರೆ’ ಎಂದು ಬಂದರೆ ಅದು ಬರಿಯ ಸಂಗತಿ, ಎಂದಿನ ಎಸ್, ಎಂದಿನ ಕಾಲ. ನಾವು ವಿಧ್ಯರ್ಥ ಎಂದು ಕಲಿತ ಆ ‘ಲಿ’ ಮಾಡುವ ಕೆಲಸವನ್ನೇ ಇಲ್ಲಿ ಇಂಗ್ಲಿಷಿನ ಬರಿ ಧಾತು ಮಾಡುತ್ತದೆ.

ಈ ರೂಪ ಕಣ್ಣಿಗೆ ಬೀಳುವ ಜಾಗಗಳು ಕಡಿಮೆ, ಅದಕ್ಕೇ ಗೊಂದಲ. ‘ದೇ ಸಬ್ಮಿಟ್’ ಅಂದರೆ ಹೇಗೂ ಎಸ್ ಇಲ್ಲ, ವ್ಯತ್ಯಾಸವೇ ಕಾಣದು. ಹಿ, ಶಿ, ದಿ ಸೆಕ್ರೆಟರಿ ಬಂದಾಗ ಕಾಣುತ್ತದೆ. ‘ಬಿ’ ಬಂದಾಗ ಕಾಣುತ್ತದೆ: ‘ದ್ಯಾಟ್ ದಿ ಮೀಟಿಂಗ್ ಬಿ ಪೋಸ್ಟ್‌ಪೋನ್ಡ್’. ಬೇಡ ಅನ್ನುವಾಗ ಕಾಣುತ್ತದೆ: ‘ದ್ಯಾಟ್ ಹಿ ನಾಟ್ ಸೈನ್ ದಿ ಚೆಕ್’. ಅಲ್ಲಿ ‘ಡಸ್ ನಾಟ್’ ಬರದು. ಇನ್ನೊಂದು, ಮೊದಲ ಕ್ರಿಯಾಪದ ಭೂತಕಾಲಕ್ಕೆ ಹೋದರೂ ಇದು ಕದಲುವುದಿಲ್ಲ: ‘ದಿ ಕಮಿಟಿ ರೆಕಮೆಂಡೆಡ್ ಲಾಸ್ಟ್ ವೀಕ್ ದ್ಯಾಟ್ ಹಿ ಸಬ್ಮಿಟ್’. ‘ಸಬ್ಮಿಟೆಡ್’ ಅಲ್ಲ. ನಡಾವಳಿ ಎಲ್ಲಾ ಭೂತಕಾಲದಲ್ಲೇ ಬರೆಯುವುದರಿಂದ ಕೈ ತಪ್ಪುವುದು ಇಲ್ಲಿಯೇ.

ಕುಮಟಾ:
ಸರ್, ರಿಜಿಸ್ಟರ್ ಉದಾಹರಣೆ ಒಪ್ಪಿದೆ. ಆದರೆ ಶುಡ್ ಅಡಗಿದೆ ಎನ್ನುವುದು ತಪ್ಪೇ? ಎಲ್ಲಾ ಗೈಡುಗಳಲ್ಲೂ ಹಾಗೇ ಇದೆ.

ಕಾರವಾರ:
ನೆನಪಿಗೆ ಅನುಕೂಲವಾದೀತು, ಇತಿಹಾಸ ಹಾಗಿಲ್ಲ. ಶುಡ್ ಬಿದ್ದುಹೋಗಿ ಹುಟ್ಟಿದ ರೂಪವಲ್ಲ ಇದು. ಹಳೆಯ ಇಂಗ್ಲಿಷಿನಲ್ಲಿ ಈ ಅರ್ಥಕ್ಕೆ ಕ್ರಿಯಾಪದಕ್ಕೇ ಬೇರೆ ರೂಪಗಳಿದ್ದವು, ಪ್ರತ್ಯಯಗಳು ಸವೆದು ಬರಿ ಧಾತು ಉಳಿಯಿತು. ಶುಡ್ ಅದರ ಪಕ್ಕದಲ್ಲಿ ಬೆಳೆದದ್ದು. ಬ್ರಿಟಿಷರು ಶುಡ್ ಕಡೆ ಹೆಚ್ಚು ವಾಲಿದರು, ಅಮೆರಿಕದವರಿಗೆ ಬರಿ ಧಾತುವೇ ರೂಢಿ. ಹಾಗಾಗಿ ‘ಶುಡ್ ಸಬ್ಮಿಟ್’ ಎಂದು ಬರೆದರೂ ತಪ್ಪಿಲ್ಲ. ಮೇಲಿನವರು ಪಟ್ಟು ಬಿಡದಿದ್ದರೆ ಅದನ್ನೇ ಹಾಕಿ, ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಅಂಕೋಲಾ:
ನನ್ನದೂ ಇದೇ ಸಮಸ್ಯೆ. ‘ಹಿ ಸಜೆಸ್ಟೆಡ್ ಮಿ ಟು ಗೋ’ ಬರೆದರೆ ಮಾರ್ಕು ಹೋಗುತ್ತದೆ. ‘ಅಡ್ವೈಸ್ಡ್ ಮಿ ಟು ಗೋ’ ಬರೆದರೆ ಹೋಗುವುದಿಲ್ಲ. ಎರಡೂ ಸಲಹೆಯೇ ಅಲ್ಲವೇ ಮಾರಾಯ್ರೆ?

ಕಾರವಾರ:
ಇದು ಬೇರೆ ಸಮಸ್ಯೆ. ಅಡ್ವೈಸ್, ಆಸ್ಕ್, ರಿಕ್ವೆಸ್ಟ್ ಇವು ‘ನನಗೆ ಹೋಗಲು’ ಎಂಬ ಜೋಡಣೆಯನ್ನು ಒಪ್ಪುತ್ತವೆ. ಸಜೆಸ್ಟ್ ಒಪ್ಪುವುದಿಲ್ಲ, ಅದಕ್ಕೆ ‘ದ್ಯಾಟ್ ಐ ಗೋ’ ಬೇಕು. ಅರ್ಥ ಒಂದೇ ಆದರೂ ಒಂದೊಂದು ಕ್ರಿಯಾಪದದ ಪಥ್ಯ ಒಂದೊಂದು.

ಹೊನ್ನಾವರ (ಪಿಯುಸಿ ವಿದ್ಯಾರ್ಥಿನಿ):
ಸರ್, ‘ಇಫ್ ಐ ವರ್ ಯೂ’ ಕೂಡ ಇದೇ ಜಾತಿಯದ್ದಂತೆ. ಹಾಗಾದರೆ ಇಫ್ ಬಂದಲ್ಲೆಲ್ಲ ವರ್ ಹಾಕಬಹುದಾ?

ಕುಮಟಾ:
ಹಾಕಬಹುದು ತಂಗಿ. ಪರೀಕ್ಷೆಯಲ್ಲಿ ವರ್ ಹಾಕಿದವರು ಸೋತದ್ದಿಲ್ಲ.

ಕಾರವಾರ:
ಸೋಲುವ ಜಾಗ ಇದೆ ಮಾಸ್ತರ್ರೆ. ‘ನಾನು ನೀನಾಗಿದ್ದರೆ’ ಎಂಬುದು ಎಂದೂ ಆಗದ್ದು, ಅಲ್ಲಿ ವರ್. ಮಾತಿನಲ್ಲಿ ‘ಇಫ್ ಐ ವಾಸ್ ಯೂ’ ಎನ್ನುವವರು ಇಂಗ್ಲೆಂಡಿನಲ್ಲೇ ಬೇಕಾದಷ್ಟು ಜನ ಇದ್ದಾರೆ. ಬರವಣಿಗೆಯಲ್ಲಿ ವರ್ ಇರಲಿ. ಈಗ ಇದನ್ನು ನೋಡು: ‘ಇಫ್ ದಿ ಬೋಟ್ ವಾಸ್ ಇನ್ ದಿ ಹಾರ್ಬರ್ ಯೆಸ್ಟರ್ಡೇ, ದಿ ಕ್ರೂ ಗಾಟ್ ದಿ ಮೆಸೇಜ್’. ಬೋಟು ನಿನ್ನೆ ಬಂದರಿನಲ್ಲಿ ಇತ್ತೋ ಇಲ್ಲವೋ ಹೇಳುವವನಿಗೆ ಗೊತ್ತಿಲ್ಲ, ಇದ್ದಿರಲೂಬಹುದು. ಇಲ್ಲಿ ವರ್ ಹಾಕಬಾರದು. ‘ಇತ್ತು ಅಂತಾದರೆ’ ಎಂದು ಹೇಳಿ ನೋಡು, ಹೊಂದಿದರೆ ವಾಸ್. ‘ನಾನು ನೀನು ಅಂತಾದರೆ’ ಎಂದು ಯಾರೂ ಹೇಳುವುದಿಲ್ಲವಲ್ಲ.

ಶಿರಸಿ, ಪ್ರಶ್ನೆ ಕೇಳಿದವರು:
ಸರ್, ‘ಲಿ’ ಹಚ್ಚಿ ನೋಡುತ್ತಾ ಹಳೇ ನಡಾವಳಿ ತೆಗೆದೆ. ಒಂದು ಕಡೆ ಹೀಗಿದೆ: ‘ದಿ ಆಡಿಟರ್ ಇನ್ಸಿಸ್ಟೆಡ್ ದ್ಯಾಟ್ ದಿ ಸ್ಟಾಕ್ ವಾಸ್ ವೆರಿಫೈಡ್’. ಇದನ್ನು ‘ಬಿ ವೆರಿಫೈಡ್’ ಮಾಡಿಬಿಡಲಾ?

ಕಾರವಾರ:
ಮುಟ್ಟಬೇಡಿ. ಇದೇ ಈ ವಿಷಯದ ಅಪಾಯದ ತಿರುವು. ‘ವಾಸ್ ವೆರಿಫೈಡ್’ ಅಂದರೆ ದಾಸ್ತಾನು ಪರಿಶೀಲನೆ ಆಗಿದೆ ಎಂದು ಆಡಿಟರ್ ಖಡಾಖಂಡಿತವಾಗಿ ಹೇಳಿದರು. ‘ಬಿ ವೆರಿಫೈಡ್’ ಅಂದರೆ ಪರಿಶೀಲನೆ ಆಗಲೇಬೇಕು ಎಂದು ಪಟ್ಟು ಹಿಡಿದರು. ಒಂದರಲ್ಲಿ ಕೆಲಸ ಮುಗಿದಿದೆ, ಇನ್ನೊಂದರಲ್ಲಿ ಬಾಕಿ ಇದೆ. ಅಡಿಕೆ ಚೀಲಗಳನ್ನು ಯಾರಾದರೂ ಎಣಿಸಿದ್ದಾರೋ ಇಲ್ಲವೋ ಎಂಬುದೇ ಆ ಒಂದು ಶಬ್ದದ ಮೇಲೆ ನಿಂತಿದೆ. ಬರೆದವರು ಬ್ರಿಟಿಷ್ ರೂಢಿಯಲ್ಲಿ ‘ಆಗಬೇಕು’ ಎಂಬ ಅರ್ಥಕ್ಕೇ ‘ವಾಸ್’ ಬರೆದಿರಲೂಬಹುದು, ಅಲ್ಲಿ ಹಾಗೆ ಬರೆಯುವವರಿದ್ದಾರೆ.

ಕುಮಟಾ:
ಹಾಗೆ ಬರೆಯುವುದು ನನ್ನ ಪ್ರಕಾರ ತಪ್ಪೇ, ಯಾರು ಬರೆದರೂ.

ಕಾರವಾರ:
ನಾನು ತಪ್ಪು ಎನ್ನುವುದಿಲ್ಲ. ಎರಡರ್ಥಕ್ಕೆ ಎಡೆ ಕೊಡುತ್ತದೆ, ಅದಕ್ಕೇ ನಡಾವಳಿಗೆ ಸಲ್ಲದು ಎನ್ನುತ್ತೇನೆ.

ಶಿರಸಿ:
ಅದು ಬರೆದವರು ನಿವೃತ್ತರಾಗಿ ಊರು ಬಿಟ್ಟಿದ್ದಾರೆ.

ಕಾರವಾರ:
ಹಾಗಾದರೆ ಅದೇ ದಿನದ ಆಸುಪಾಸಿನ ದಾಸ್ತಾನು ಪುಸ್ತಕ ತೆಗೆದು ಎಣಿಕೆಯ ಸಹಿ ಇದೆಯೋ ನೋಡಿ. ವ್ಯಾಕರಣದಿಂದ ಅದನ್ನು ಹೇಳಲು ಬರುವುದಿಲ್ಲ.