ಸಹಾಯ ಬೇಕು: ಉಳಿದ ಕೋರ್ಸ್‌ಗಳಲ್ಲಿ ಚಕ್ರ ಹುಡುಕುವುದು ಹೇಗೆ?

ನಮಸ್ಕಾರ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಕೋರ್ಸ್‌ಗಳನ್ನು ಓದಬೇಕಾದ ಕ್ರಮದಲ್ಲಿ ಜೋಡಿಸಲು, ಪ್ರತಿಯೊಂದರ ಇನ್‌ಡಿಗ್ರಿ, ಅಂದರೆ ಅದಕ್ಕೆ ಎಷ್ಟು ಪೂರ್ವ ಕೋರ್ಸ್‌ಗಳಿವೆ ಎಂದು ಎಣಿಸಿ, ಸೊನ್ನೆಯಾದವುಗಳನ್ನು ಕ್ಯೂಗೆ ಹಾಕಿ, ಕ್ಯೂನಿಂದ ಹೊರಬಂದ ಕೋರ್ಸಿನ ಮುಂದಿನವುಗಳ ಎಣಿಕೆಯಿಂದ ಒಂದು ಕಳೆಯುವ ಪ್ರೋಗ್ರಾಂ ಬರೆದೆ. 5 ಕೋರ್ಸ್‌ಗಳಲ್ಲಿ ಗಣಿತ ಮತ್ತು ಸಿ ಮಾತ್ರ ಹೊರಬಂದವು.

ಚಕ್ರವಿದೆ ಎಂದುಕೊಂಡು ಎರಡು ದಿನ ಹುಡುಕಿದೆ. ಆದರೆ ‘ಸಿ → ಡೇಟಾ ಸ್ಟ್ರಕ್ಚರ್ಸ್’ ಎಂಬ ಸಾಲು ಕಡತದಲ್ಲಿ ಎರಡು ಸಲ ಇತ್ತು. ಹೀಗಾಗಿ ಡೇಟಾ ಸ್ಟ್ರಕ್ಚರ್ಸ್‌ನ ಎಣಿಕೆ 2 ಆಯಿತು. ಪಕ್ಕದ ಕೋರ್ಸ್‌ಗಳನ್ನು ಸೆಟ್‌ನಲ್ಲಿ ಇಟ್ಟಿದ್ದರಿಂದ ಕಳೆದದ್ದು ಒಂದೇ. ಹಾಗಾಗಿ ಅದೂ, ಅದನ್ನು ಅವಲಂಬಿಸಿದ್ದ ಅಲ್ಗಾರಿದಮ್ಸ್ ಮತ್ತು ಡಿಬಿಎಂಎಸ್‌ಗಳೂ ಸಿಕ್ಕಿಕೊಂಡವು. ಈಗ ಹೊಸ ಜೋಡಿಯಾದರೆ ಮಾತ್ರ ಎಣಿಸುತ್ತೇನೆ:

```python
if v not in adj[u]:
    adj[u].add(v)
    indeg[v] += 1
```

ನಿಜವಾದ ಚಕ್ರವಿದ್ದರೂ ಅದರ ನಂತರದ ನಿರಪರಾಧಿ ಕೋರ್ಸ್‌ಗಳು ಉಳಿಯುತ್ತವೆ. ಉಳಿದ ಒಂದರಿಂದ, ಉಳಿದಿರುವ ಪೂರ್ವ ಕೋರ್ಸಿಗೆ ಹಿಂದೆ ಹಿಂದೆ ಹೋಗಿ, ಕಂಡದ್ದೇ ಮತ್ತೆ ಸಿಕ್ಕರೆ ಅದೇ ಚಕ್ರವಲ್ಲವೇ? ಒಂದಕ್ಕಿಂತ ಹೆಚ್ಚು ಚಕ್ರಗಳಿದ್ದರೆ ಎಲ್ಲವನ್ನೂ ಹೇಗೆ ತೋರಿಸಲಿ? ತಿಳಿದವರು ದಯವಿಟ್ಟು ತಿಳಿಸಿ.