34 ಸ್ಲೈಡ್ ಇದ್ದದ್ದನ್ನು 11ಕ್ಕೆ ಇಳಿಸಿದೆ, ಈಗ ಪ್ರಶ್ನೆ ಬಂದರೆ ಬ್ಯಾಕಪ್ ಸ್ಲೈಡ್ ಸಿಗುತ್ತಿಲ್ಲ

ಭೋಸರಿ ಬಸು:
ಎಲ್ಲರಿಗೂ ನಮಸ್ಕಾರ. ಚಾಕಣದ ಒಂದು ಪಾರ್ಟ್ಸ್ ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ನನ್ನ ಕೆಲಸ. ಕಂಪ್ರೆಸ್ಡ್ ಏರ್ ಲೀಕ್ ಸರಿಮಾಡಲು ದುಡ್ಡು ಕೇಳುವ ಪಿಪಿಟಿ ಮಾಡಿದ್ದೆ, 34 ಸ್ಲೈಡ್. "ಹತ್ತು ನಿಮಿಷದಲ್ಲಿ ಮುಗಿಸಿ" ಅಂದರು. ಹಾಗಾಗಿ 11 ಮುಂದೆ ಇಟ್ಟು, ಉಳಿದ 23 ಸ್ಲೈಡನ್ನು ಹಿಂದೆ ತಳ್ಳಿ Hide Slide ಮಾಡಿದೆ.

ಆರನೇ ಸ್ಲೈಡಿನಲ್ಲಿ "8 ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್" ಅಂತ ಇತ್ತು. ದೊಡ್ಡ ಸಾಹೇಬರು ಕೇಳಿದ್ದು ಒಂದೇ ಮಾತು, "ಹೇ ಕುಠೂನ್ ಆಲಂ?", ಇದು ಎಲ್ಲಿಂದ ಬಂತು ಅಂತ. ಲೆಕ್ಕದ ಸ್ಲೈಡ್ ಹಿಂದೆಲ್ಲೋ ಇದೆ, ನಂಬರ್ ನೆನಪಿಲ್ಲ. Esc ಒತ್ತಿ ಎಡಗಡೆಯ ಪಟ್ಟಿಯಲ್ಲಿ ಹುಡುಕಿದೆ. ಪರದೆ ಮೇಲೆ ಎಲ್ಲರಿಗೂ ನನ್ನ ಅರೆಬೆಂದ ಸ್ಲೈಡುಗಳು ಕಂಡವು. ಒಂದರ ಮೇಲೆ ಕೆಂಪು ಅಕ್ಷರದಲ್ಲಿ "ಈ ರೇಟ್ ಡೌಟು" ಅಂತ ನಾನೇ ಬರೆದಿದ್ದೆ! ಲೆಕ್ಕ ಸಿಕ್ಕಿತು, ತೋರಿಸಿದೆ. ಆಮೇಲೆ ಆರಕ್ಕೆ ವಾಪಸ್ ಬರಲು ಇನ್ನೊಂದು ಸುತ್ತು. "ಮುಂದಿನ ವಾರ ನೋಡೋಣ" ಅಂತ ಎದ್ದರು.

ಪವರ್‌ಪಾಯಿಂಟ್ 2016, ವಿಂಡೋಸ್. ಬೇಗ ಹೋಗಿ ಬೇಗ ವಾಪಸ್ ಬರೋದು ಹೇಗೆ?

ಕೊತ್ರೂಡ್ ಕಿಟ್ಟಿ:
ಸಿಂಪಲ್ ಬಸಣ್ಣ. ಶೋ ನಡೀತಿರುವಾಗಲೇ ಸ್ಲೈಡ್ ನಂಬರ್ ಟೈಪ್ ಮಾಡಿ Enter ಒತ್ತಿ. 17 ಮತ್ತು Enter ಅಂದರೆ 17ನೇ ಸ್ಲೈಡ್, ಹೈಡ್ ಆಗಿದ್ದರೂ ಬರುತ್ತೆ. ವಾಪಸ್ಸಿಗೆ 6 ಮತ್ತು Enter. Esc ಮುಟ್ಟಲೇಬೇಡಿ.

ಇನ್ನೊಂದು, ಹೈಡ್ ಮಾಡಿದ್ದು ಪಿಡಿಎಫ್‌ನಲ್ಲಿ ಬರೋದಿಲ್ಲ. ಆಮೇಲೆ ಮೇಲ್ ಮಾಡುವಾಗ ತಲೆನೋವಿಲ್ಲ.

ಡೊಂಬಿವಲಿ ಸರೋಜಕ್ಕ:
ಕಿಟ್ಟಿ ಹೇಳಿದ ಮೊದಲನೇದು ಸರಿ. ಎರಡನೇದನ್ನು ನಂಬಬೇಡಿ. ಪಿಡಿಎಫ್ ಮಾಡುವಾಗ Options ಒಳಗೆ Include hidden slides ಅಂತ ಒಂದು ಟಿಕ್ ಇದೆ, ಪ್ರಿಂಟ್‌ನಲ್ಲೂ Print Hidden Slides ಇದೆ. ಟಿಕ್ ಬಿದ್ದಿದ್ದರೆ ನಿಮ್ಮ "ಈ ರೇಟ್ ಡೌಟು" ಸಮೇತ ಹೋಗುತ್ತೆ. ಪಿಪಿಟಿ ಫೈಲನ್ನೇ ಕಳಿಸಿದರಂತೂ ಹೈಡ್ ಅನ್ನೋದಕ್ಕೆ ಅರ್ಥವೇ ಇಲ್ಲ, ತೆರೆದವರಿಗೆ ಎಲ್ಲ ಕಾಣುತ್ತೆ. ನಾನು ಕಳಿಸುವ ಕಾಪಿಯಲ್ಲಿ ಹೈಡ್ ಆದವನ್ನು ಅಳಿಸಿಯೇ ಬಿಡುತ್ತೇನೆ.

ಎಕ್ಸೆಲ್ ಟೇಬಲ್ ಅಂಟಿಸುವಾಗಲೂ ಜೋಪಾನ. ವರ್ಕ್‌ಬುಕ್ ಸಮೇತ ಕೂತಿದ್ದರೆ, ಡಬಲ್ ಕ್ಲಿಕ್ ಮಾಡಿದವರಿಗೆ ಉಳಿದ ಶೀಟುಗಳೂ ತೆರೆದುಕೊಳ್ಳುತ್ತವೆ. ಹೊರಗೆ ಹೋಗುವುದಾದರೆ Picture ಆಗಿ ಪೇಸ್ಟ್ ಮಾಡಿ.

ಈಗ ನಿಮ್ಮ ಅಸಲಿ ತೊಂದರೆಗೆ ಬರೋಣ. ನಂಬರ್ ಒತ್ತುವುದು ಸರಿ, ಆದರೆ ಒತ್ತಬೇಕಾದ ನಂಬರ್ ಯಾವುದು? 23 ಬ್ಯಾಕಪ್ ಇದ್ದರೆ ಯಾರಿಗೆ ನೆನಪಿರುತ್ತೆ? ನೀವು ಸ್ಲೈಡನ್ನು ಹಿಂದೆ ಸರಿಸಿದ್ದೀರಿ ಅಷ್ಟೇ, ಬ್ಯಾಕಪ್ ಮಾಡಿಲ್ಲ. ಬ್ಯಾಕಪ್ ಅಂದರೆ ಒಂದು ಪ್ರಶ್ನೆಗೆ ಒಂದು ಉತ್ತರ. ಆ 23ರಲ್ಲಿ ಏನೇನಿದೆ, ಯಾರು ಏನು ಕೇಳಿದರು, ಬರೀರಿ ನೋಡೋಣ.

ಭೋಸರಿ ಬಸು:
ಅಕ್ಕಾ, ಹೆಚ್ಚಿನವು ಫೋಟೋ. ಲೀಕ್ ಇದ್ದ ಜಾಗಗಳು, ಹೋಸ್, ಕಪ್ಲಿಂಗ್. ಮೂರು ಕೊಟೇಶನ್. ಕಂಪ್ರೆಸರ್ ಮ್ಯಾನ್ಯುಯಲ್‌ನ ಎರಡು ಪುಟ. ಲೆಕ್ಕ ಮಾತ್ರ ಒಂದೇ ಸ್ಲೈಡ್:

ಕಂಪ್ರೆಸರ್ 75 ಕಿಲೋವ್ಯಾಟ್. ಗುರುವಾರ ನಮ್ಮ ವಾರದ ರಜೆ. ಅವತ್ತು ಮಷಿನ್ ಎಲ್ಲ ನಿಲ್ಲಿಸಿ ಕಂಪ್ರೆಸರ್ ಮಾತ್ರ ಓಡಿಸಿದೆ. ಒಂದೂವರೆ ನಿಮಿಷ ಲೋಡ್, ಆರು ನಿಮಿಷ ಅನ್‌ಲೋಡ್. ಅಂದರೆ ಏಳೂವರೆಯಲ್ಲಿ ಒಂದೂವರೆ, ಲೀಕ್ 20 ಪರ್ಸೆಂಟ್. ಇದನ್ನು 8ಕ್ಕೆ ಇಳಿಸಬಹುದು. 12 ಪರ್ಸೆಂಟ್ ಅಂದರೆ 9 ಕಿಲೋವ್ಯಾಟ್, ವರ್ಷಕ್ಕೆ 6000 ಗಂಟೆ, 54,000 ಯುನಿಟ್, 9 ರೂಪಾಯಿಯಂತೆ 4.86 ಲಕ್ಷ. ಖರ್ಚು 3.24 ಲಕ್ಷ. 8 ತಿಂಗಳು.

ಕೇಳಿದ ಪ್ರಶ್ನೆ ಮೂರು: 8 ತಿಂಗಳು ಹೇಗೆ? ಮೂರನೇ ಶಿಫ್ಟ್ ನಿಂತರೆ ಏನು? 20 ಪರ್ಸೆಂಟ್ ನೀವೇ ಅಳೆದಿರೋ, ವೆಂಡರ್ ಹೇಳಿದ್ದೋ?

ಡೊಂಬಿವಲಿ ಸರೋಜಕ್ಕ:
ಲೆಕ್ಕ ಚೆನ್ನಾಗಿದೆ, ಜಾಗ ತಪ್ಪಿದೆ. ದುಡ್ಡು ಕೇಳುವ ಮೀಟಿಂಗಿನಲ್ಲಿ "8 ತಿಂಗಳು ಹೇಗೆ" ಅನ್ನೋದು ಬಂದೇ ಬರುವ ಪ್ರಶ್ನೆ. ಬಂದೇ ಬರುವ ಪ್ರಶ್ನೆಯ ಉತ್ತರ ಹಿಂದೆ ಇರಬಾರದು. ಆರನೇ ಸ್ಲೈಡಿನಲ್ಲೇ, ಆ 8ರ ಕೆಳಗೆ ಒಂದು ಸಾಲು: "ಖರ್ಚು 3.24 ಲಕ್ಷ, ವರ್ಷದ ಉಳಿತಾಯ 4.86 ಲಕ್ಷ". ಅರ್ಧ ಪ್ರಶ್ನೆ ಅಲ್ಲೇ ಸತ್ತು ಹೋಗುತ್ತೆ.

ಬರಬಹುದು, ಬರದೇನೂ ಇರಬಹುದು ಅನ್ನುವುದು ಮಾತ್ರ ಬ್ಯಾಕಪ್. ನಿಮಗೆ ಅಂಥವು ಎರಡು. ಒಂದು, ಶಿಫ್ಟ್. 4000 ಗಂಟೆಗೆ ಲೆಕ್ಕ ಹಾಕಿದರೆ 36,000 ಯುನಿಟ್, 3.24 ಲಕ್ಷ, ಅಂದರೆ ಸರಿಯಾಗಿ 12 ತಿಂಗಳು. ಸ್ಲೈಡಿನ ತಲೆಬರಹವೇ ಉತ್ತರ ಆಗಿರಲಿ: "ಎರಡೇ ಶಿಫ್ಟ್ ಓಡಿದರೂ 12 ತಿಂಗಳು". "ಸೆನ್ಸಿಟಿವಿಟಿ ಅನಾಲಿಸಿಸ್" ಅಂತ ಬರೆದರೆ ಅವಸರದಲ್ಲಿ ನಿಮಗೇ ಗುರುತು ಸಿಗೋದಿಲ್ಲ. ಎರಡು, ಅಳತೆ: ತಾರೀಖು, ಲೋಡ್-ಅನ್‌ಲೋಡ್ ಸಮಯ, ಮೀಟರ್ ಫೋಟೋ ಒಂದು. ಕೊಟೇಶನ್ ಮೂರೂ ಸೇರಿ ಒಂದು ಟೇಬಲ್. ಮ್ಯಾನ್ಯುಯಲ್ ಪುಟ ತೆಗೆದುಬಿಡಿ. ನಾಲ್ಕೈದರ ಮೇಲೆ ಹೋಗಬೇಡಿ.

ಇನ್ನು ಹೋಗಿ ಬರುವ ದಾರಿ. 12ನೇ ಸ್ಲೈಡ್ ಒಂದು ಪಟ್ಟಿ, ಪ್ರಶ್ನೆಗಳ ಪಟ್ಟಿ. ಪ್ರತಿ ಸಾಲು ಆಯ್ದು Insert, Hyperlink, Place in This Document ಒಳಗೆ ಆ ಸ್ಲೈಡಿಗೆ ಕೊಂಡಿ ಕೊಡಿ. ಆಮೇಲೆ ಸ್ಲೈಡುಗಳನ್ನು ಹಿಂದೆ ಮುಂದೆ ಮಾಡಿದರೂ ಕೊಂಡಿ ಸ್ಲೈಡಿನ ಜೊತೆಗೇ ಹೋಗುತ್ತೆ. ಕೈಯಲ್ಲಿ ಟೈಪ್ ಮಾಡಿದ ನಂಬರ್ ಮಾತ್ರ ಹಳೇದೇ ಉಳಿಯುತ್ತೆ, ಅದನ್ನು ಕೊನೆಗೆ ತಿದ್ದಿ.

ಕೊತ್ರೂಡ್ ಕಿಟ್ಟಿ:
ವಾಪಸ್ ಬರಲು Insert, Action ಒಳಗೆ Last Slide Viewed ಇದೆಯಲ್ಲ ಅಕ್ಕಾ. ಮೂಲೆಯಲ್ಲಿ ಒಂದು ಬಾಣ ಇಟ್ಟರೆ ಬಂದಲ್ಲಿಗೇ ವಾಪಸ್. ಎಲ್ಲ ಬ್ಯಾಕಪ್‌ಗೂ ಅದೇ ಬಾಣ ಕಾಪಿ ಮಾಡಬಹುದು.

ಡೊಂಬಿವಲಿ ಸರೋಜಕ್ಕ:
ಒಂದೇ ಬ್ಯಾಕಪ್ ನೋಡಿದರೆ ಸರಿ. ಆರರಿಂದ 13, ಅಲ್ಲಿಂದ 14 ನೋಡಿ ಆ ಬಾಣ ಒತ್ತಿದರೆ 13ಕ್ಕೆ ಬರುತ್ತೆ, ಆರಕ್ಕಲ್ಲ. ಮತ್ತೆ ಒತ್ತಿದರೆ 14. ಎರಡರ ನಡುವೆ ಓಲಾಡ್ತಾ ಇರುತ್ತೀರಿ. ನನಗೆ ಒಮ್ಮೆ ಹೀಗಾಗಿ, ಎದುರಿಗಿದ್ದವರು ನಗು ತಡೆಯಲು ನೀರು ಕುಡಿದರು. ಅದಕ್ಕೇ ಪ್ರತಿ ಬ್ಯಾಕಪ್ ಸ್ಲೈಡಿನ ಮೂಲೆಯಲ್ಲಿ "6ಕ್ಕೆ" ಅಂತ ಬರೆದು ನೇರ ಆರಕ್ಕೇ ಕೊಂಡಿ ಕೊಡುತ್ತೇನೆ.

ಸ್ಲೈಡ್ ನಂಬರ್ ಕಾಣುವಂತೆ ಹಾಕೋದು ಮರೀಬೇಡಿ. Insert, Header & Footer ಒಳಗೆ Slide number ಟಿಕ್ ಮಾಡಿ Apply to All. "16ರ ಎರಡನೇ ಸಾಲು ತೋರಿಸಿ" ಅಂತ ಅವರೇ ಕೇಳುವ ಹಾಗಾಗುತ್ತೆ.

ವೆರ್ಣಾ ವಾಮನ:
ಗೋವಾದಿಂದ. ನಾನೂ ಪ್ಲಾಂಟ್ ಮೇಂಟೆನೆನ್ಸೇ. ನಿಮ್ಮ ಲೀಕ್ ಲೆಕ್ಕ ನೋಡಿ ಸುಮ್ನೆ ಇರಲಾಗಲಿಲ್ಲ ಬಸು ಸರ್. ನಿಮ್ಮದು ಲೋಡ್-ಅನ್‌ಲೋಡ್ ಸ್ಕ್ರೂ ಕಂಪ್ರೆಸರ್ ತಾನೇ? ಅದು ಅನ್‌ಲೋಡಿನಲ್ಲಿ ಗಾಳಿ ಕೊಡೋದಿಲ್ಲ, ಆದರೆ ಮೋಟರ್ ತಿರುಗುತ್ತಲೇ ಇರುತ್ತೆ. ಕರೆಂಟ್ ಸೊನ್ನೆ ಆಗಲ್ಲ. ಲೀಕ್ ಕಮ್ಮಿಯಾದರೆ ಲೋಡ್ ಸಮಯ ಕಮ್ಮಿಯಾಗುತ್ತೆ, ಆ ಸಮಯ ಅನ್‌ಲೋಡಿಗೆ ಹೋಗುತ್ತೆ. ನೀವು ಪೂರ್ತಿ 75ರ 12 ಪರ್ಸೆಂಟ್ ಉಳಿಯಿತು ಅಂತ ಹಿಡಿದಿದ್ದೀರಿ. ಅನ್‌ಲೋಡಿನಲ್ಲಿ 30 ಪರ್ಸೆಂಟ್ ಎಳೆಯುತ್ತೆ ಅಂದುಕೊಳ್ಳಿ, ಉಳಿಯೋದು 9 ಅಲ್ಲ, 6.3 ಕಿಲೋವ್ಯಾಟ್.

ಕೊತ್ರೂಡ್ ಕಿಟ್ಟಿ:
ವಾಮನ ಸರ್, ಇವರು ಕೇಳಿದ್ದು ಪಿಪಿಟಿ ಬಗ್ಗೆ.

ಡೊಂಬಿವಲಿ ಸರೋಜಕ್ಕ:
ಕಂಪ್ರೆಸರ್ ನನಗೆ ಗೊತ್ತಿಲ್ಲ. ಆದರೆ ಮೀಟಿಂಗಿನಲ್ಲಿ ಎಲೆಕ್ಟ್ರಿಕಲ್‌ನವರು ಯಾರಾದರೂ ಕೂತಿದ್ದರೆ ಇದನ್ನೇ ಕೇಳುತ್ತಾರೆ ಅಲ್ವಾ? ಹಾಗಾದರೆ ಇದೂ ಪಿಪಿಟಿ ಪ್ರಶ್ನೆಯೇ. ಬಸು, ಆ ಲೆಕ್ಕ ಮಾಡಿ ನೋಡಿ.

ಭೋಸರಿ ಬಸು:
ಮಾಡಿದೆ, ಎದೆ ಧಸಕ್ ಅಂತು. 6.3 ಕಿಲೋವ್ಯಾಟ್, 6000 ಗಂಟೆ, 37,800 ಯುನಿಟ್, 3.40 ಲಕ್ಷ. ಅಂದರೆ ಹನ್ನೊಂದೂವರೆ ತಿಂಗಳ ಹತ್ತಿರ. ಎರಡೇ ಶಿಫ್ಟ್ ಆದರೆ 17 ತಿಂಗಳು! ಇದು ಬ್ಯಾಕಪ್‌ನಲ್ಲಿ ಹಾಕುವ ಮಾತೇ ಅಲ್ಲ, ಆರನೇ ಸ್ಲೈಡೇ ತಪ್ಪು. ಅವತ್ತು ಯಾರೂ ಹಿಡಿಯದೇ ಇದ್ದದ್ದು ನನ್ನ ಪುಣ್ಯ.

30 ಪರ್ಸೆಂಟ್ ಅನ್ನೋದು ಎಲ್ಲ ಮಷಿನಿಗೂ ಒಂದೇನಾ?

ವೆರ್ಣಾ ವಾಮನ:
ಇಲ್ಲ. ಅದಕ್ಕೇ ಅಂದಾಜು ಹಾಕಬೇಡಿ, ಅಳೆಯಿರಿ. ಪವರ್ ಅಳೆಯುವ ಕ್ಲ್ಯಾಂಪ್ ಮೀಟರ್ ತಗೊಳ್ಳಿ, ಬರೀ ಆಂಪ್ಸ್ ನೋಡಿದರೆ ಮೋಸ ಹೋಗುತ್ತೀರಿ. ಅನ್‌ಲೋಡಿನಲ್ಲಿ ಪವರ್ ಫ್ಯಾಕ್ಟರ್ ಬಿದ್ದಿರುತ್ತೆ, ಹಾಗಾಗಿ ಆಂಪ್ಸ್ ಪವರ್‌ನಷ್ಟು ಇಳಿದಿರೋದಿಲ್ಲ.

ಭೋಸರಿ ಬಸು (ನಾಲ್ಕು ದಿನ ಬಿಟ್ಟು):
ಗುರುವಾರ ಅಳೆದೆ. ಅನ್‌ಲೋಡಿನಲ್ಲಿ 22 ಕಿಲೋವ್ಯಾಟ್ ಚಿಲ್ಲರೆ, ವಾಮನ ಸರ್ ಹೇಳಿದ್ದಕ್ಕೆ ಹತ್ತಿರವೇ. ಈಗ ಆರನೇ ಸ್ಲೈಡಿನಲ್ಲಿ "12 ತಿಂಗಳೊಳಗೆ ವಾಪಸ್", ಕೆಳಗೆ ಅಕ್ಕ ಹೇಳಿದ ಸಾಲು, ಹೊಸ ಅಂಕಿ ಹಾಕಿ. 12ನೇದು ಪಟ್ಟಿ, 13 ಅಳತೆ, 14 ಶಿಫ್ಟ್, 15 ಅನ್‌ಲೋಡ್ ಪವರ್, 16 ಕೊಟೇಶನ್. ಶಿಫ್ಟಿನ ತಲೆಬರಹ "ಎರಡೇ ಶಿಫ್ಟ್ ಓಡಿದರೆ 17 ತಿಂಗಳು". ಬರೆಯಲು ಕೈ ಬರಲಿಲ್ಲ, ಆದರೂ ಬರೆದೆ.

ಒಂದು ಹೊಸ ಪೇಚು. ನಮ್ಮ ಮೀಟಿಂಗ್ ರೂಮಿನಲ್ಲಿ ಲ್ಯಾಪ್‌ಟಾಪ್ ಒಂದು ತುದಿ, ನಾನು ನಿಲ್ಲೋದು ಇನ್ನೊಂದು ತುದಿ. ಕೈಯಲ್ಲಿ ಕ್ಲಿಕರ್, ಅದರಲ್ಲಿ ಹಿಂದೆ ಮುಂದೆ ಎರಡೇ ಗುಂಡಿ. ನಂಬರೂ ಒತ್ತಲಾಗಲ್ಲ, ಕೊಂಡಿಯೂ ಒತ್ತಲಾಗಲ್ಲ.

ಕೊತ್ರೂಡ್ ಕಿಟ್ಟಿ:
ಬ್ಯಾಕಪ್‌ಗಳನ್ನು ಅನ್‌ಹೈಡ್ ಮಾಡಿಬಿಡಿ, 11 ಆದಮೇಲೆ ಕ್ಲಿಕ್ ಮಾಡ್ತಾ ಹೋದರೆ ಬರುತ್ತವೆ. ಐದೇ ತಾನೇ.

ಡೊಂಬಿವಲಿ ಸರೋಜಕ್ಕ:
ಬೇಡ ಮಾರಾಯ. ಕೈ ಜಾರಿ ಒಂದು ಕ್ಲಿಕ್ ಜಾಸ್ತಿ ಬಿತ್ತು ಅಂದರೆ, ಒಪ್ಪಿಗೆ ಕೇಳುವ 11ನೇ ಸ್ಲೈಡ್ ಹೋಗಿ ಪಟ್ಟಿ ಬಂದು ನಿಲ್ಲುತ್ತೆ. ಎಲ್ಲರೂ ಅದನ್ನು ಓದಿ, ಯಾರಿಗೂ ಇರದಿದ್ದ ಅನುಮಾನ ಶುರುವಾಗುತ್ತೆ. ಹೈಡ್ ಆಗಿಯೇ ಇರಲಿ. ಲ್ಯಾಪ್‌ಟಾಪ್ ಹತ್ತಿರ ನಿಮ್ಮ ಹುಡುಗ ಒಬ್ಬನನ್ನು ಕೂರಿಸಿ, ಐದು ನಂಬರ್ ಚೀಟಿಯಲ್ಲಿ ಬರೆದುಕೊಡಿ.

ಭೋಸರಿ ಬಸು:
ಹುಡುಗ ಇದ್ದಾನೆ, ಆದರೆ ಅವನಿಗೆ ಮೀಟಿಂಗಿಗೆ ಪ್ರವೇಶ ಇಲ್ಲ. ಲ್ಯಾಪ್‌ಟಾಪ್ ಪಕ್ಕದ ಕುರ್ಚಿ ಪರ್ಚೇಸ್ ಸಾಹೇಬರದ್ದು. ಅವರ ಹತ್ತಿರ "15 ಒತ್ತಿ ಸರ್" ಅಂತ ಕೇಳೋದು ಹೇಗೆ ಅಂತ ಯೋಚನೆ ಮಾಡ್ತಿದ್ದೇನೆ. ವೈರ್‌ಲೆಸ್ ಕೀಬೋರ್ಡ್ ಯಾರಾದರೂ ಬಳಸಿದ್ದೀರಾ?