ಓದುವ ಸ್ಟೇಷನ್‌ಗೆ ಕಾರ್ಡ್ ಬರೆಯುವುದು ಹೇಗೆ? ಮೂರನೇ ತರಗತಿ ಶಿಕ್ಷಕರ ಅನುಭವಗಳು

ಕೇಳಿದವರು, ಮೂರನೇ ತರಗತಿ ಶಿಕ್ಷಕಿ

ನನ್ನ ತರಗತಿಯಲ್ಲಿ ಮೂವತ್ತರ ಹತ್ತಿರ ಮಕ್ಕಳು. ಕೆಲವರು ಸರಾಗವಾಗಿ ಓದುತ್ತಾರೆ, ಕೆಲವರು ಒತ್ತಕ್ಷರ ಬಂದ ಕೂಡಲೇ ನಿಂತುಬಿಡುತ್ತಾರೆ. ನಾನು ಒಂದು ಗುಂಪಿನ ಜೊತೆ ಕೂತಾಗ ಉಳಿದವರು ಓದುವ ಸ್ಟೇಷನ್‌ನಲ್ಲಿ, ಅಂದರೆ ತರಗತಿಯ ಓದುವ ಮೂಲೆಯಲ್ಲಿ, ಕಾರ್ಡ್ ಓದಿ ತಾವೇ ಕೆಲಸ ಮಾಡಬೇಕು. ಆದರೆ ಎರಡು ನಿಮಿಷಕ್ಕೆ "ಮಿಸ್, ಏನು ಮಾಡಬೇಕು?" ಅಂತ ಎದ್ದು ಬರುತ್ತಾರೆ. ಕಾರ್ಡ್ ಹೇಗೆ ಬರೆದರೆ ಎಲ್ಲರಿಗೂ ಹೊಂದುತ್ತೆ? ಮಾಡಿ ನೋಡಿದವರು ಹೇಳಿ.

ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕ

ನಾನು ಬಣ್ಣದ ಕಾರ್ಡ್ ಮಾಡಿದ್ದೇನೆ ಮೇಡಂ. ಕೆಂಪು, ಹಳದಿ, ಹಸಿರು. ಕೆಂಪಿನಲ್ಲಿ ಎರಡು ಪ್ರಶ್ನೆ, ಹಳದಿಯಲ್ಲಿ ನಾಲ್ಕು, ಹಸಿರಿನಲ್ಲಿ ಆರು. ನಿಧಾನ ಇರುವವರಿಗೆ ಕಡಿಮೆ ಕೆಲಸ, ಬೇಗ ಓದುವವರಿಗೆ ಜಾಸ್ತಿ. ಸಾಮಾನ್ಯವಾಗಿ ಎಲ್ಲರೂ ಒಂದೇ ಹೊತ್ತಿಗೆ ಮುಗಿಸುತ್ತಾರೆ. ಇನ್ನೊಂದು, ಸೂಚನೆಯನ್ನು ಮೂರು ಹೆಜ್ಜೆಗಿಂತ ಉದ್ದ ಮಾಡಬೇಡಿ.

ಬಹಳ ವರ್ಷ ಕೆಳ ತರಗತಿಗಳಿಗೆ ಕಲಿಸಿದ ಶಿಕ್ಷಕಿ

ಮೂರು ಹೆಜ್ಜೆ ಅಂದಿದ್ದು ಸರಿ ಸರ್. ಆದರೆ ಪ್ರಶ್ನೆ ಕಡಿಮೆ ಮಾಡಿದರೆ ಕೆಲಸ ಸುಲಭ ಆಗುವುದಿಲ್ಲ. ಓದಲು ಬಾರದ ಪಠ್ಯದ ಮೇಲೆ ಎರಡು ಪ್ರಶ್ನೆ ಇದ್ದರೂ ಅಷ್ಟೇ, ಆರು ಇದ್ದರೂ ಅಷ್ಟೇ. ಆರು ಪ್ರಶ್ನೆಯೂ ಒಂದೇ ಥರ ಇದ್ದರೆ ಚೆನ್ನಾಗಿ ಓದುವ ಮಗುವಿಗೂ ಅದು ಬರೀ ಬರೆಯುವ ಕೆಲಸ ಆಗುತ್ತೆ.

ಮೇಡಂ, ನಿಮ್ಮ ಮಕ್ಕಳು ಎದ್ದು ಬರುವುದಕ್ಕೆ ಪಠ್ಯ ಕಾರಣ ಇರಲಿಕ್ಕಿಲ್ಲ. ಮೊದಲು ಕಾರ್ಡಿನ ಸೂಚನೆಯನ್ನೇ ನೋಡಿ. "ಕೆಳಗಿನ ಗದ್ಯಭಾಗವನ್ನು ಗಮನವಿಟ್ಟು ಓದಿ ಸೂಕ್ತ ಉತ್ತರವನ್ನು ಆರಿಸಿ ಬರೆಯಿರಿ" ಅಂತ ನಾವು ಅಭ್ಯಾಸಬಲದಿಂದ ಬರೆದುಬಿಡುತ್ತೇವೆ. ಕಥೆಗಿಂತ ಈ ವಾಕ್ಯವೇ ಕಷ್ಟ! ಸೂಚನೆ ಯಾವಾಗಲೂ ಪಠ್ಯಕ್ಕಿಂತ ಸುಲಭ ಇರಬೇಕು. ಒಂದು ಹೆಜ್ಜೆಗೆ ಒಂದೇ ಕ್ರಿಯಾಪದ: ಓದು. ಜೋಡಿಸು. ಹೇಳು. ಪ್ರತಿ ಪದದ ಪಕ್ಕ ಒಂದು ಚಿತ್ರ, ಮತ್ತು ಎಲ್ಲ ವಾರವೂ ಅದೇ ಚಿತ್ರ. ಕಾರ್ಡ್ ಕೊಟ್ಟ ತಕ್ಷಣ ಗುಂಪಿನಲ್ಲಿ ಕಷ್ಟಪಟ್ಟು ಓದುವ ಮಗುವನ್ನೇ ಕೇಳಿ, "ಈಗ ನೀನು ಏನು ಮಾಡಬೇಕು?" ಅದು ಹೇಳಿದರೆ ಕಾರ್ಡ್ ಸರಿ ಇದೆ. ಹೇಳದಿದ್ದರೆ ಕಾರ್ಡನ್ನು ತಿದ್ದಬೇಕು.

ಇನ್ನು ಹಂತದ ವಿಷಯ. ನಾನು ಎಲ್ಲರಿಗೂ ಒಂದೇ ಪಠ್ಯ ಕೊಡುತ್ತೇನೆ. ಕೊನೆಯ ಪ್ರಶ್ನೆಯ ವಿಚಾರವೂ ಒಂದೇ. ಅಲ್ಲಿಗೆ ಹೋಗುವ ದಾರಿ ಮಾತ್ರ ಬೇರೆ ಬೇರೆ. ನಾನೇ ಬರೆದ ಒಂದು ಪಠ್ಯ ಇಲ್ಲಿದೆ. ವಾಕ್ಯಗಳಿಗೆ ನಂಬರ್ ಹಾಕುವುದನ್ನು ಮರೆಯಬೇಡಿ, ಆಮೇಲೆ ಅದರ ಉಪಯೋಗ ಇದೆ.

1. ಒಂದು ಇರುವೆಗೆ ಸಕ್ಕರೆ ಸಿಕ್ಕಿತು.
2. ಅದು ಗೂಡಿನ ಕಡೆ ಹೊರಟಿತು.
3. ದಾರಿಯುದ್ದಕ್ಕೂ ನೆಲಕ್ಕೆ ತನ್ನ ವಾಸನೆ ಹಚ್ಚಿತು.
4. ಬೇರೆ ಇರುವೆಗಳು ಆ ವಾಸನೆ ಹಿಡಿದು ಬಂದವು.
5. ಸಕ್ಕರೆ ಸಿಕ್ಕ ಇರುವೆಗಳೆಲ್ಲ ಮರಳುವಾಗ ವಾಸನೆ ಹಚ್ಚಿದವು.
6. ಸಕ್ಕರೆ ಮುಗಿಯಿತು.
7. ಆಮೇಲೆ ಬಂದ ಇರುವೆಗಳು ವಾಸನೆ ಹಚ್ಚಲಿಲ್ಲ.
8. ನಿಧಾನವಾಗಿ ಸಾಲು ಮಾಯವಾಯಿತು.

ಇದರಲ್ಲಿ ಇರುವುದೆಲ್ಲ ಸಜಾತಿ ಒತ್ತಕ್ಷರ. ಕ್ಕ, ದ್ದ, ನ್ನ, ಚ್ಚ, ಲ್ಲ. ಒತ್ತಕ್ಷರಕ್ಕೆ ಹೆದರುವ ಮಕ್ಕಳಿಗೆ ಮೊದಲು ಇಂಥ ಪಠ್ಯ ಕೊಟ್ಟರೆ ಎಂಟು ವಾಕ್ಯವನ್ನೂ ದಾಟುತ್ತಾರೆ. ಅಕ್ಷರವೊಂದು, ಒತ್ತು ಇನ್ನೊಂದು ಇರುವ ಪದಗಳು ಮುಂದಿನ ಪಠ್ಯಗಳಲ್ಲಿ ಒಂದೊಂದಾಗಿ ಬರಲಿ.

ಮೊದಲ ಕಾರ್ಡಿನ ಹೆಜ್ಜೆಗಳು ಹೀಗೆ. ಗೆಳೆಯನ ಜೊತೆ ಒಂದೊಂದು ವಾಕ್ಯ ಓದು. ಲಕೋಟೆಯಲ್ಲಿರುವ ನಾಲ್ಕು ಪಟ್ಟಿಗಳನ್ನು ಸಾಲಾಗಿ ಜೋಡಿಸು. "ಸಾಲು ಯಾಕೆ ಮಾಯವಾಯಿತು?" ಗೆಳೆಯನಿಗೆ ಹೇಳು. ಪಟ್ಟಿಗಳ ಮೇಲೆ ಸಕ್ಕರೆ ಸಿಕ್ಕಿದ್ದು, ವಾಸನೆ ಹಚ್ಚಿದ್ದು, ಬೇರೆ ಇರುವೆ ಬಂದಿದ್ದು, ಸಾಲು ಮಾಯವಾಗಿದ್ದು, ಇಷ್ಟನ್ನೇ ಚಿಕ್ಕದಾಗಿ ಬರೆದಿರುತ್ತೇನೆ. ಇಲ್ಲಿ ಬರೆಯುವ ಕೆಲಸವೇ ಇಲ್ಲ. ಓದಲು ಕಷ್ಟಪಡುವ ಮಗು ಬರೆಯುವುದರಲ್ಲೇ ಸುಸ್ತಾದರೆ, ಅದಕ್ಕೆ ಅರ್ಥವಾಗಿದೆಯೋ ಇಲ್ಲವೋ ನಮಗೆ ತಿಳಿಯುವುದೇ ಇಲ್ಲ.

ಎರಡನೇ ಕಾರ್ಡು ಸರಿ ತಪ್ಪು ಹೇಳುವುದು. ಆದರೆ ಯಾವ ವಾಕ್ಯ ನೋಡಿ ಹೇಳಿದೆ ಅಂತ ನಂಬರ್ ಬರೆಯಬೇಕು. "ಮೊದಲ ಇರುವೆ ಬೇರೆ ಇರುವೆಗಳನ್ನು ಕೂಗಿ ಕರೆಯಿತು." ತಪ್ಪು, ವಾಕ್ಯ 4. "ಸಕ್ಕರೆ ಮುಗಿದ ಕೂಡಲೇ ಸಾಲು ಮಾಯವಾಯಿತು." ಇದೂ ತಪ್ಪು, ವಾಕ್ಯ 8. ಅಲ್ಲಿ 'ನಿಧಾನವಾಗಿ' ಅಂತ ಇದೆಯಲ್ಲ. ನಂಬರ್ ಕೇಳದಿದ್ದರೆ ಮಕ್ಕಳು ಸುಮ್ನೆ ಊಹೆ ಮಾಡುತ್ತಾರೆ, ಅರ್ಧ ಸರಿಯೂ ಆಗಿಬಿಡುತ್ತೆ. ಸಾಲು ಯಾಕೆ ಮಾಯವಾಯಿತು ಅನ್ನುವುದನ್ನು ಈ ಗುಂಪು ಒಂದು ವಾಕ್ಯದಲ್ಲಿ ಬರೆಯುತ್ತೆ.

ಮೂರನೇ ಕಾರ್ಡಿನ ಪ್ರಶ್ನೆಗೆ ಪಠ್ಯದಲ್ಲಿ ನೇರ ಉತ್ತರ ಇಲ್ಲ. "ದಾರಿಯ ನಡುವೆ ಯಾರೋ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಈಗ ಏನಾಗುತ್ತೆ? ಯಾವ ವಾಕ್ಯ ಓದಿ ಹೀಗೆ ಹೇಳುತ್ತೀಯ?" ಸಾಲು ಯಾಕೆ ಇದೆ, ಯಾಕೆ ಹೋಯಿತು ಅಂತ ತಿಳಿಯದೆ ಇದನ್ನು ಬರೆಯಲು ಆಗುವುದಿಲ್ಲ.

ಹೀಗೆ ಮಾಡಿದರೆ ಕೊನೆಯಲ್ಲಿ ಇಡೀ ತರಗತಿ ಒಂದೇ ವಿಷಯ ಮಾತಾಡಬಹುದು. ಮೊದಲ ಕಾರ್ಡಿನ ಮಗು ಕೂಡ ಬಾಯಿ ಬಿಡುತ್ತೆ. ಆ ಮಾತು ಕೇಳಬೇಕು ಅಂತಲೇ ನಾನು ಇಷ್ಟು ಕಷ್ಟಪಡುತ್ತೇನೆ.

ಒಬ್ಬ ಪೋಷಕಿ

ನನ್ನ ಮಗಳಿಗೆ ನಾನೂ ಕಾರ್ಡ್ ಮಾಡಿದ್ದೆ. ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಚಿತ್ರ. ದಿನಾ ರಾತ್ರಿ ತೋರಿಸಿ ಕೇಳುತ್ತಿದ್ದೆ. ಕಾಗುಣಿತ ಬೇಗ ಬಂತು. ದೊಡ್ಡ ಅಕ್ಷರದಲ್ಲಿ ಬರೆದರೆ ಒಳ್ಳೆಯದು.

ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕ

ಅದು ಅಕ್ಷರ ಗುರುತಿಸುವ ಕಾರ್ಡ್ ಅಲ್ವಾ ಅಮ್ಮ, ಇವರು ಕೇಳಿದ್ದು ಮಕ್ಕಳು ತಾವೇ ಓದಿ ಮಾಡುವ ಕೆಲಸದ ಕಾರ್ಡ್. ದೊಡ್ಡ ಅಕ್ಷರದ ಮಾತು ಮಾತ್ರ ಇಲ್ಲಿಗೂ ಹೊಂದುತ್ತೆ, ಒತ್ತು ಚಿಕ್ಕದಾಗಿ ಬಿದ್ದರೆ ಮಕ್ಕಳಿಗೆ ಕಾಣುವುದೇ ಇಲ್ಲ.

ಮೇಡಂ, ನನಗೊಂದು ಅನುಮಾನ. ನನ್ನ ಹಸಿರು ಗುಂಪಿನ ಮಕ್ಕಳು ಆರೂ ಉತ್ತರ ಸರಿ ಬರೆಯುತ್ತಾರೆ. ಅಂದರೆ ಅವರಿಗೆ ಅರ್ಥವಾಗಿದೆ ಅಂತ ತಾನೇ?

ಬಹಳ ವರ್ಷ ಕೆಳ ತರಗತಿಗಳಿಗೆ ಕಲಿಸಿದ ಶಿಕ್ಷಕಿ

ಪ್ರಶ್ನೆ ಹೇಗಿದೆ ಅನ್ನುವುದರ ಮೇಲೆ ಹೋಗುತ್ತೆ ಸರ್. ಇದನ್ನು ಓದಿ: "ಗಮುಟವು ತೋಬಿಯಲ್ಲಿ ಸಿಳಕಿತು." ಗಮುಟವು ಎಲ್ಲಿ ಸಿಳಕಿತು? ತೋಬಿಯಲ್ಲಿ. ಪೂರ್ತಿ ಅಂಕ! ಒಂದು ಪದಕ್ಕೂ ಅರ್ಥ ಇಲ್ಲ. "ಬೇರೆ ಇರುವೆಗಳು ಏನು ಹಿಡಿದು ಬಂದವು?" ಅನ್ನುವುದೂ ಇದೇ ಥರದ ಪ್ರಶ್ನೆ. ಪಠ್ಯದ ಪದಗಳನ್ನೇ ಪ್ರಶ್ನೆಯಲ್ಲಿ ಇಟ್ಟರೆ ಮಗು ಪದ ಹುಡುಕಿ ಪಕ್ಕದ ಪದವನ್ನು ನಕಲು ಮಾಡುತ್ತೆ. ಕಾರ್ಡ್ ತುಂಬಾ ಬೇಗ ಮುಗಿದು, ಉತ್ತರವೆಲ್ಲ ಪಠ್ಯದ ವಾಕ್ಯವೇ ಆಗಿದ್ದರೆ ಪ್ರಶ್ನೆಯ ಪದ ಬದಲಿಸಿ. "ಉಳಿದ ಇರುವೆಗಳಿಗೆ ದಾರಿ ಹೇಗೆ ಗೊತ್ತಾಯಿತು?" ಅಂತ ಕೇಳಿ. ಆಗ ನಿಮ್ಮ ಹಸಿರು ಗುಂಪಿನಲ್ಲೂ ಕೆಲವರು ತಡವರಿಸಬಹುದು. ಸರಾಗವಾಗಿ ಓದುವುದು ಬೇರೆ, ತಿಳಿಯುವುದು ಬೇರೆ.

ಮೂರು ತರಗತಿಗಳನ್ನು ಒಟ್ಟಿಗೆ ನೋಡುವ ಶಿಕ್ಷಕ

ನನ್ನ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೆ ಇದ್ದಾರೆ. ಹಂತದ ಪ್ರಕಾರ ಗುಂಪು ಮಾಡಿದಾಗ ಮೂರನೇ ತರಗತಿಯ ಒಬ್ಬ ಹುಡುಗ ಒಂದನೇ ತರಗತಿಯವರ ಜೊತೆ ಕೂರಬೇಕಾಯಿತು. ಅವನು ಅವತ್ತಿನಿಂದ ಬಾಯೇ ತೆರೆಯಲಿಲ್ಲ. ಹಾಗಾಗಿ ನಾನು ಬೆರಕೆ ಜೋಡಿಯನ್ನೇ ಇಷ್ಟಪಡುತ್ತೇನೆ, ಚೆನ್ನಾಗಿ ಓದುವವರು ಒಬ್ಬರು, ಕಷ್ಟಪಡುವವರು ಒಬ್ಬರು. ಚುರುಕಿನ ಮಗು ಎಲ್ಲವನ್ನೂ ತಾನೇ ಓದಿ ಮುಗಿಸುವ ಸಮಸ್ಯೆ ಇದೆ, ನಿಜ. ಅದಕ್ಕೆ ಕಾರ್ಡಿನಲ್ಲೇ ಪಾತ್ರ ಬರೆದೆ. ಪಟ್ಟಿಗಳನ್ನು ಮುಟ್ಟುವುದು, ಜೋಡಿಸುವುದು ಕಷ್ಟಪಡುವ ಮಗು ಮಾತ್ರ. ಚುರುಕಿನ ಮಗು, ಜೊತೆಯವರು ಕೇಳಿದಾಗ ಮಾತ್ರ ಪದ ಹೇಳಬೇಕು, ಅದಕ್ಕೂ ಮುಂಚೆ ಮನಸ್ಸಿನಲ್ಲಿ ಐದು ಎಣಿಸಬೇಕು. ಕಾರ್ಡುಗಳ ಬಣ್ಣ ಮತ್ತು ಹಂತದ ನಂಬರ್ ತೆಗೆದು ಎಲೆ, ಮೋಡ, ನಕ್ಷತ್ರ ಅಂತ ಗುರುತು ಹಾಕಿದೆ. ಆದರೂ ಮಕ್ಕಳಿಗೆ ಯಾವುದು ಸುಲಭ ಅಂತ ಒಂದು ವಾರದಲ್ಲಿ ಗೊತ್ತಾಗುತ್ತೆ.

ಓದಲು ಹಿಂದುಳಿದ ಮಕ್ಕಳ ಜೊತೆ ಕೆಲಸ ಮಾಡುವವರು

ಎಲ್ಲರಿಗೂ ಒಂದೇ ಪಠ್ಯ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಾಗುಣಿತವೇ ಗಟ್ಟಿಯಾಗದ ಮಗುವಿಗೆ ಈ ಇರುವೆ ಪಠ್ಯವೂ ಗೋಡೆಯೇ. ಆ ಮಗುವನ್ನು ಕಾರ್ಡ್ ಕೊಟ್ಟು ಕೂರಿಸಿದರೆ ಅದು ಓದುವವರ ಹಾಗೆ ನಟಿಸುವುದನ್ನು ಕಲಿಯುತ್ತೆ. ಮೊದಲು ಪಠ್ಯವನ್ನು ರೆಕಾರ್ಡ್ ಮಾಡಿ ಕೇಳಿಸಿ, ಮಗು ಬೆರಳಿಟ್ಟು ಹಿಂಬಾಲಿಸಲಿ. ಆಮೇಲೆ ಪಟ್ಟಿ ಜೋಡಿಸಲಿ. ನಿಮ್ಮ ಜೊತೆ ಕೂರುವ ಸರದಿ ಆ ಮಗುವಿಗೆ ಬೇಗ ಬೇಗ ಬರಲಿ.

ಯಾರಿಗೆ ಯಾವ ಕಾರ್ಡ್ ಅಂತ ತಿಳಿಯಲು ಪಠ್ಯವನ್ನು ಗಟ್ಟಿಯಾಗಿ ಓದಿಸಿ. ಹತ್ತು ಪದಕ್ಕೆ ಒಂದಕ್ಕಿಂತ ಜಾಸ್ತಿ ತಪ್ಪಿದರೆ ಅದು ಒಬ್ಬರೇ ಓದುವ ಪಠ್ಯ ಅಲ್ಲ.

ಬಹಳ ವರ್ಷ ಕೆಳ ತರಗತಿಗಳಿಗೆ ಕಲಿಸಿದ ಶಿಕ್ಷಕಿ

ರೆಕಾರ್ಡಿಂಗ್ ಮಾತು ಒಪ್ಪಿದೆ. ಹತ್ತಕ್ಕೆ ಒಂದು ಅನ್ನುವ ಲೆಕ್ಕ ಇಂಗ್ಲಿಷ್ ಓದಿಗೆ ಬಳಸುವುದು, ಕನ್ನಡಕ್ಕೆ ಹಾಗೇ ಹೊಂದುತ್ತೋ ನನಗೆ ಸಂದೇಹ. 'ದಾರಿಯುದ್ದಕ್ಕೂ' ಅನ್ನುವುದು ಒಂದೇ ಪದ, ಆದರೆ ಮಗು ಬಿಡಿಸಬೇಕಾದ್ದು ಎಷ್ಟಿದೆ ನೋಡಿ. ನಾನು ಎಣಿಸುವುದಕ್ಕಿಂತ, ತಪ್ಪು ಓದಿದಾಗ ಮಗು ತಾನೇ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತಾ ಅಂತ ನೋಡುತ್ತೇನೆ. ತಿದ್ದಿಕೊಂಡರೆ ಅರ್ಥದ ಕಡೆ ಗಮನ ಇದೆ ಅಂತ.

ಓದಲು ಹಿಂದುಳಿದ ಮಕ್ಕಳ ಜೊತೆ ಕೆಲಸ ಮಾಡುವವರು

ಅದು ಒಳ್ಳೆಯ ಗುರುತೇ. ಆದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಬರೆದಿಡಲು ಒಂದು ಲೆಕ್ಕವೂ ಬೇಕಾಗುತ್ತೆ. ನಾನು ಎರಡನ್ನೂ ಇಟ್ಟುಕೊಳ್ಳುತ್ತೇನೆ.

ಕೇಳಿದವರು

ನನ್ನ ಸೂಚನೆಗಳು ನಿಜಕ್ಕೂ ಉದ್ದ ಇವೆ, ಇವತ್ತೇ ಬದಲಿಸುತ್ತೇನೆ. ಇನ್ನೊಂದು ಕೇಳಬೇಕು. ಉತ್ತರವನ್ನು ಕಾರ್ಡಿನ ಹಿಂದೆ ಬರೆದಿಟ್ಟರೆ ಮಕ್ಕಳು ಮೊದಲೇ ತಿರುಗಿಸಿ ನೋಡುತ್ತಾರೆ. ಏನು ಮಾಡುತ್ತೀರಿ?

ಮೂರು ತರಗತಿಗಳನ್ನು ಒಟ್ಟಿಗೆ ನೋಡುವ ಶಿಕ್ಷಕ

ಉತ್ತರದ ಕಾರ್ಡನ್ನು ಕೋಣೆಯ ಇನ್ನೊಂದು ಮೂಲೆಯಲ್ಲಿ ನೇತುಹಾಕಿ. ಮಾಡಿದ ಕೆಲಸ ಕೈಯಲ್ಲಿ ಹಿಡಿದೇ ಅಲ್ಲಿಗೆ ಹೋಗಬೇಕು. ಪಟ್ಟಿ ಜೋಡಿಸಿದವರು ನೋಡಿಬಂದು ತಾವೇ ಸರಿ ಮಾಡಿಕೊಳ್ಳಲಿ.

ಬಹಳ ವರ್ಷ ಕೆಳ ತರಗತಿಗಳಿಗೆ ಕಲಿಸಿದ ಶಿಕ್ಷಕಿ

ಸರಿ ತಪ್ಪಿನ ಕಾರ್ಡಿಗೆ ಉತ್ತರ ಕೊಡಬೇಡಿ, ವಾಕ್ಯದ ನಂಬರ್ ಮಾತ್ರ ಕೊಡಿ. 4, 8 ಅಂತಷ್ಟೇ. ನಂಬರ್ ಬೇರೆ ಬಂದವರು ಮತ್ತೆ ಪಠ್ಯಕ್ಕೇ ಹೋಗಬೇಕಾಗುತ್ತೆ. ಒದ್ದೆ ಬಟ್ಟೆಯ ಪ್ರಶ್ನೆಗೆ ಉತ್ತರದ ಕಾರ್ಡೇ ಬೇಡ, ಅದನ್ನು ಕೊನೆಯ ಐದು ನಿಮಿಷದಲ್ಲಿ ಎಲ್ಲರೆದುರು ಓದಿಸಿ. ಆಗ ಪಟ್ಟಿ ಜೋಡಿಸಿದ ಮಕ್ಕಳನ್ನೇ ಮೊದಲು ಕೇಳಿ, "ಇವರು ಹೇಳಿದ್ದು ಸರಿಯಾ?"